ಬೆರಳೋ, ಅಂಗೈಯೋ, ಮುಂಗೈಯೋ: ಶುಗರ್ ನೋಡಲು ಎಲ್ಲಿ ಚುಚ್ಚಬೇಕು, ಯಾವಾಗ ಚುಚ್ಚಬಾರದು

ಉಡುಪಿ ಕಡೆ ಬೆರಳಿನಿಂದಲೇ ಬದುಕುವವರು ಬಹಳ. ಶಂಕರಪುರದ ಸುತ್ತ ಮಲ್ಲಿಗೆ ಕಟ್ಟುವವರು, ಮನೆಮನೆಯಲ್ಲಿ ಬೀಡಿ ಕಟ್ಟುವವರು, ಗೇರುಬೀಜದ ಕಾರ್ಖಾನೆಗೆ ಹೋಗುವವರು, ಟೈಲರ್‌ಗಳು. ಇವರಿಗೆ ಸಕ್ಕರೆ ಕಾಯಿಲೆ ಬಂದು, ಡಾಕ್ಟರು ದಿನಕ್ಕೆ ಎರಡು ಮೂರು ಸಲ ಮನೆಯಲ್ಲೇ ಚೆಕ್ ಮಾಡಿ ಎಂದರೆ, ಮೆಡಿಕಲ್‌ನಲ್ಲಿ ಸ್ಟ್ರಿಪ್ ಕೊಡುವ ನನ್ನ ಹತ್ತಿರ ಕೇಳುವ ಪ್ರಶ್ನೆ ಒಂದೇ: "ಎಂತಕ್ಕೆ ಬೆರಳಿಗೇ ಚುಚ್ಚುದು ಮಾರಾಯ್ರೆ, ಕೈಗೆ ಚುಚ್ಚಿದ್ರೆ ಆಗುದಿಲ್ವಾ?"

ಆಗುತ್ತದೆ. ಮುಂಗೈಯಲ್ಲಿ, ಅಂದರೆ ಮೊಣಕೈಗೂ ಮಣಿಕಟ್ಟಿಗೂ ನಡುವಿನ ಭಾಗದಲ್ಲಿ, ನೋವು ತಿಳಿಯುವ ನರದ ತುದಿಗಳು ಬೆರಳಿನಷ್ಟು ಒತ್ತಾಗಿಲ್ಲ, ಹಾಗಾಗಿ ಚುಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಆದರೆ ಮುಂಗೈಯ ರಕ್ತ ಎಲ್ಲ ಹೊತ್ತಿನಲ್ಲೂ ಆ ಹೊತ್ತಿನ ಸಕ್ಕರೆಯನ್ನು ಹೇಳುವುದಿಲ್ಲ. ಸಕ್ಕರೆ ನಿಂತಲ್ಲೇ ನಿಂತಿದ್ದರೆ ಬೆರಳಿಗೂ ಮುಂಗೈಗೂ ಹೆಚ್ಚು ವ್ಯತ್ಯಾಸ ಬಾರದು. ಅದು ವೇಗವಾಗಿ ಏರುತ್ತಿದ್ದರೆ ಅಥವಾ ಇಳಿಯುತ್ತಿದ್ದರೆ ಮುಂಗೈ ಹೇಳುವುದು ಹಳೆಯ ಸುದ್ದಿ. ಎಷ್ಟು ಹಳೆಯದು, ಅದರಿಂದ ಏನಾಗುತ್ತದೆ ಎಂಬುದನ್ನು ಸರಿಯಾಗಿ ತಿಳಿದುಕೊಂಡರೆ ಯಾವ ಹೊತ್ತಿಗೆ ಎಲ್ಲಿ ಚುಚ್ಚಬೇಕು ಎಂಬುದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಮುಂಗೈ ಏಕೆ ಹಿಂದುಳಿಯುತ್ತದೆ

ಅಂಗೈ, ಬೆರಳು, ಅಂಗಾಲು, ಕಿವಿ, ತುಟಿ, ಮೂಗು ಇವುಗಳ ಚರ್ಮಕ್ಕೆ ಒಂದು ವಿಶೇಷ ಕೆಲಸವಿದೆ: ಮೈಯ ಬಿಸಿಯನ್ನು ಹೊರಗೆ ಹಾಕುವುದು. ಅದಕ್ಕಾಗಿ ಅಲ್ಲಿ ಸಣ್ಣ ಅಪಧಮನಿಗೂ ಸಣ್ಣ ಅಭಿಧಮನಿಗೂ ನಡುವೆ ನೇರವಾದ ಅಡ್ಡದಾರಿಗಳಿವೆ. ರಕ್ತ ಅತಿ ಸೂಕ್ಷ್ಮ ನಾಳಗಳಲ್ಲಿ ತೆವಳಬೇಕಾಗಿಲ್ಲ, ಈ ಅಡ್ಡದಾರಿ ಹಿಡಿದು ರಭಸದಿಂದ ಹರಿದುಹೋಗುತ್ತದೆ. ಹೀಗಾಗಿ ಬೆರಳ ತುದಿಯಲ್ಲಿ ಸಿಗುವ ಹನಿ ಹೆಚ್ಚುಕಡಿಮೆ ಈಗತಾನೇ ಹೃದಯದಿಂದ ಬಂದ ರಕ್ತ. ಮೆದುಳಿಗೆ ಈ ಕ್ಷಣ ಹೋಗುತ್ತಿರುವ ಸಕ್ಕರೆ ಎಷ್ಟೋ, ಬೆರಳಲ್ಲಿ ಕಾಣುವುದೂ ಹೆಚ್ಚುಕಡಿಮೆ ಅಷ್ಟೇ.

ಮುಂಗೈಯ ಚರ್ಮಕ್ಕೆ ಈ ಅಡ್ಡದಾರಿಗಳಿಲ್ಲ. ಅಲ್ಲಿ ರಕ್ತದ ಹರಿವು ಬೆರಳಿಗೆ ಹೋಲಿಸಿದರೆ ಹಲವು ಪಟ್ಟು ಕಡಿಮೆ. ನಿಧಾನವಾಗಿ ಹರಿಯುವ ರಕ್ತ ಸುತ್ತಲಿನ ಅಂಗಾಂಶದ ದ್ರವದೊಂದಿಗೆ ಸಕ್ಕರೆಯನ್ನು ಕೊಡುತ್ತಾ ತೆಗೆದುಕೊಳ್ಳುತ್ತಾ ಹೋಗುತ್ತದೆ. ಹೊಸ ರಕ್ತ ಬಂದು ಹಳೆಯದನ್ನು ಪೂರ್ತಿ ತಳ್ಳಿಹಾಕಲು ಹೊತ್ತು ಹಿಡಿಯುತ್ತದೆ.

ಮಂಗಳೂರಿನ ಅಳಿವೆಬಾಗಿಲನ್ನು ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಸಮುದ್ರದಲ್ಲಿ ಉಬ್ಬರ ಬಂದರೆ ನೀರು ಮೊದಲು ಏರುವುದು ಅಳಿವೆಯಲ್ಲಿ. ನೇತ್ರಾವತಿಯಲ್ಲಿ ಮೇಲೆ ಮೇಲೆ ಹೋದಂತೆ ಏರಿಕೆ ತಡವಾಗುತ್ತದೆ, ಎತ್ತರವೂ ತಗ್ಗುತ್ತದೆ. ಅಳಿವೆಯಲ್ಲಿ ಇಳಿತ ಶುರುವಾದಾಗ ಮೇಲೆ ಇನ್ನೂ ನೀರು ಏರುತ್ತಲೇ ಇರುತ್ತದೆ. ಬೆರಳು ಅಳಿವೆ, ಮುಂಗೈ ಮೇಲಿನ ಹೊಳೆ. ಇಲ್ಲಿ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ ಎಂಬುದನ್ನು ಗಮನಿಸಬೇಕು: ಮುಂಗೈ ತಡವಾಗಿ ಹೇಳುತ್ತದೆ, ಜೊತೆಗೆ ಏರಿಳಿತದ ತುದಿಗಳನ್ನು ಸ್ವಲ್ಪ ಸವರಿಯೂ ಹೇಳುತ್ತದೆ. ಊಟದ ನಂತರದ ಅತಿ ಹೆಚ್ಚಿನ ಸಂಖ್ಯೆ ಮುಂಗೈಯಲ್ಲಿ ಕಾಣದೆಯೇ ದಾಟಿಹೋಗಬಹುದು.

ತಡ ಎಷ್ಟು? ಜರ್ಮನಿಯ ಯುಂಗ್‌ಹೈಮ್ ಮತ್ತು ಕೊಶಿನ್ಸ್ಕಿ ಎಂಬ ಸಂಶೋಧಕರು ಇನ್ಸುಲಿನ್ ತೆಗೆದುಕೊಳ್ಳುವವರ ಸಕ್ಕರೆಯನ್ನು ಬೇಕೆಂದೇ ವೇಗವಾಗಿ ಏರಿಸಿ ಇಳಿಸಿ, ಬೆರಳು ಮತ್ತು ತೋಳಿನ ರಕ್ತವನ್ನು ಹೋಲಿಸಿ ನೋಡಿದರು. 2001–02ರಲ್ಲಿ ಪ್ರಕಟವಾದ ಅವರ ಕೆಲಸದಲ್ಲಿ ತೋಳು ಅರ್ಧ ಗಂಟೆಯಷ್ಟು ಹಿಂದೆ ಬಿದ್ದದ್ದು ಕಂಡುಬಂತು. ಎಲ್ಲರಿಗೂ ಅಷ್ಟೇ ಆಗುತ್ತದೆ ಎಂದಲ್ಲ. ಒಬ್ಬರಿಂದ ಒಬ್ಬರಿಗೆ, ಅದೇ ವ್ಯಕ್ತಿಯಲ್ಲೂ ಕೈ ಬೆಚ್ಚಗಿದೆಯೋ ತಣ್ಣಗಿದೆಯೋ ಎಂಬುದರ ಮೇಲೆ ತಡ ಬದಲಾಗುತ್ತದೆ. ಹಾಗಾಗಿ ಮುಂಗೈಯ ಸಂಖ್ಯೆಗೆ ಇಂತಿಷ್ಟು ಕೂಡಿಸಿ ಅಥವಾ ಕಳೆದು ಸರಿಮಾಡಿಕೊಳ್ಳಬಹುದು ಎಂದು ಲೆಕ್ಕ ಹಾಕುವುದು ವ್ಯರ್ಥ.

ಇದು ಮೀಟರ್‌ನ ದೋಷವೂ ಅಲ್ಲ. ಮೀಟರ್‌ಗಳ ನಿಖರತೆಗೆ ಐಎಸ್‌ಒ 15197 ಎಂಬ ಮಾನದಂಡವಿದೆ. ಅದರ 2013ರ ಆವೃತ್ತಿಯ ಪ್ರಕಾರ 100ಕ್ಕಿಂತ ಕೆಳಗೆ 15 ಅಂಕಿ, 100 ಮತ್ತು ಅದರ ಮೇಲೆ ಶೇ. 15ರವರೆಗಿನ ವ್ಯತ್ಯಾಸದೊಳಗೆ 100ರಲ್ಲಿ 95 ಫಲಿತಾಂಶಗಳಾದರೂ ಇರಬೇಕು. (ಇಲ್ಲಿ ಹೇಳುವ ಸಕ್ಕರೆಯ ಸಂಖ್ಯೆಗಳೆಲ್ಲ ಒಂದು ಡೆಸಿಲೀಟರ್ ರಕ್ತಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ, ಅಂದರೆ ನಮ್ಮ ಮೀಟರ್‌ಗಳು ತೋರಿಸುವಂತೆ.) ಒಳ್ಳೆಯ ಮೀಟರ್ ಮುಂಗೈಯ ಹನಿಯಲ್ಲಿ ಇರುವ ಸಕ್ಕರೆಯನ್ನು ಸರಿಯಾಗಿಯೇ ಅಳೆಯುತ್ತದೆ. ಆ ಹನಿಯೇ ಹಳೆಯದು. ಆದ್ದರಿಂದ ಸಕ್ಕರೆ ಎಷ್ಟೆಂದು ಮೊದಲೇ ಗೊತ್ತಿರುವ ಕಂಟ್ರೋಲ್ ದ್ರಾವಣ ಹಾಕಿ ಮೀಟರ್ ಪರೀಕ್ಷಿಸಿದರೆ ಎಲ್ಲವೂ ಸರಿ ಎಂದೇ ಬರುತ್ತದೆ.

ಒಂದು ಬೆಳಗಿನ ಲೆಕ್ಕ

ಮಲ್ಲಿಗೆ ಕಟ್ಟುವ ಒಬ್ಬ ಅಕ್ಕನನ್ನು ಊಹಿಸಿಕೊಳ್ಳೋಣ. ನಸುಕಿನಲ್ಲೇ ಮೊಗ್ಗು ಕೊಯ್ದು ತಂದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನವರು ಬರುವ ಹೊತ್ತಿಗೆ ಮುಗಿಸಬೇಕು. ಊಟಕ್ಕೆ ಮುಂಚೆ ತೆಗೆದುಕೊಳ್ಳುವ ಶೀಘ್ರ ಇನ್ಸುಲಿನ್ ಇದೆ. ನಾಲ್ಕು ನೀರ್ದೋಸೆ ತಿನ್ನುವ ಲೆಕ್ಕದಲ್ಲಿ 7 ಗಂಟೆಗೆ ಚುಚ್ಚಿಕೊಂಡರು, ಅವಸರದಲ್ಲಿ ತಿಂದದ್ದು ಎರಡೇ. ಇನ್ಸುಲಿನ್ ಒಂದರಿಂದ ಎರಡು ಗಂಟೆಯ ನಡುವೆ ಜೋರಾಗಿ ಕೆಲಸ ಮಾಡುವಾಗ ಸಕ್ಕರೆ ನಿಮಿಷಕ್ಕೆ 2ರಂತೆ ಇಳಿಯುತ್ತಿದೆ ಎಂದುಕೊಳ್ಳಿ. 8:35ಕ್ಕೆ ಬೆರಳಿನ ರಕ್ತದಲ್ಲಿ 122. 8:45ಕ್ಕೆ 102. 8:55ಕ್ಕೆ 82. 9:05ಕ್ಕೆ 62.

9:05ಕ್ಕೆ ಅವರಿಗೆ ಬೆವರು, ನಾರು ಹಿಡಿದ ಕೈ ನಡುಕ. ಬೆರಳು ಬೇಡ, ಹೂವಿಗೆ ರಕ್ತ ತಾಗೀತು ಎಂದು ಮುಂಗೈಗೆ ಚುಚ್ಚುತ್ತಾರೆ. ಅವರ ಮುಂಗೈ 20 ನಿಮಿಷ ಹಿಂದೆ ಇದೆ ಎಂದಾದರೆ ಮೀಟರ್ ತೋರಿಸುವುದು 8:45ರ ಸಂಖ್ಯೆಯನ್ನು, ಅಂದರೆ 102. ನೋಡಿದವರಿಗೆ ಏನನ್ನಿಸುತ್ತದೆ? ಶುಗರ್ ಚೆನ್ನಾಗಿದೆ, ಸೆಕೆಗೆ ಬೆವರು ಬಂದದ್ದು. ಕರಾವಳಿಯ ಏಪ್ರಿಲ್‌ನಲ್ಲಿ ಬೆವರಿಗೆ ಕಾರಣ ಹುಡುಕುವವರು ಯಾರು! ಅವರು ಮತ್ತೆ ಹೂ ಕಟ್ಟಲು ಕೂರುತ್ತಾರೆ, ಸಕ್ಕರೆ ಇಳಿಯುತ್ತಲೇ ಹೋಗುತ್ತದೆ. 70ಕ್ಕಿಂತ ಕೆಳಗೆ ಹೋದರೆ ಕೂಡಲೇ ಸಿಹಿ ತೆಗೆದುಕೊಳ್ಳಬೇಕು, 54ಕ್ಕಿಂತ ಕೆಳಗೆ ಮೆದುಳಿನ ಕೆಲಸವೇ ತಪ್ಪತೊಡಗುತ್ತದೆ. 62ರಿಂದ 54ಕ್ಕೆ ಇಳಿಯಲು ಈ ವೇಗದಲ್ಲಿ ನಾಲ್ಕೇ ನಿಮಿಷ ಸಾಕು.

ಅದೇ ಹೊತ್ತಿನಲ್ಲಿ ಬೆರಳಿಗೆ ಚುಚ್ಚಿದ್ದರೆ 62 ಕಾಣುತ್ತಿತ್ತು, ಮೀಟರ್‌ನ ಸಹಜ ವ್ಯತ್ಯಾಸ ಸೇರಿಸಿದರೂ ಅರ್ಥ ಬದಲಾಗುತ್ತಿರಲಿಲ್ಲ.

ಇನ್ನು ಅವರು ಬೆವರನ್ನೇ ನಂಬಿ ಮೂರು ನಾಲ್ಕು ಚಹಾ ಚಮಚ ಸಕ್ಕರೆಯನ್ನು, ಅಂದರೆ ಸುಮಾರು 15 ಗ್ರಾಂ, ನೀರಿಗೆ ಕದಡಿ ಕುಡಿದರು ಎಂದುಕೊಳ್ಳೋಣ. ನಿಯಮದ ಪ್ರಕಾರ 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸಕ್ಕರೆ ಇನ್ನೊಂದು ಐದು ನಿಮಿಷ ಇಳಿದು 58ಕ್ಕೆ ಮುಟ್ಟಿ, ಅಲ್ಲಿಂದ ಮೇಲೆ ತಿರುಗಿತು. 9:20ಕ್ಕೆ ಬೆರಳಲ್ಲಿ 84. ಮುಂಗೈಯಲ್ಲಿ ಆಗ ಕಾಣುವುದು 9 ಗಂಟೆಯ 72. 9:30ಕ್ಕೆ ಬೆರಳಲ್ಲಿ 98 ಇದ್ದರೆ ಮುಂಗೈಯಲ್ಲಿ 60ರ ಆಸುಪಾಸು. ಅಪಾಯ ದಾಟಿ ಕಾಲು ಗಂಟೆ ಆದಾಗ ಮುಂಗೈ ಅಪಾಯವನ್ನು ಸಾರುತ್ತಿದೆ. ಅದನ್ನು ನೋಡಿ ಗಾಬರಿಯಾಗಿ ಇನ್ನೊಂದು ಲೋಟ ಸಕ್ಕರೆ ನೀರು, ಮೇಲೊಂದು ಬಾಳೆಹಣ್ಣು ತಿಂದರೆ ಮಧ್ಯಾಹ್ನ 250 ದಾಟುವುದರಲ್ಲಿ ಆಶ್ಚರ್ಯವಿಲ್ಲ. ಆಗ ಡಾಕ್ಟರು ನೋಡುವ ಡೈರಿಯಲ್ಲಿ ಇರುವುದು ಬೆಳಿಗ್ಗೆ 102, ಆಮೇಲೆ 60, ಆಮೇಲೆ 250. ಕಾರಣ ಯಾರಿಗೂ ಗೊತ್ತಾಗದ ಮೂರು ಸಂಖ್ಯೆಗಳು.

ಇಳಿಕೆಯಲ್ಲಿ ಮುಂಗೈ ಹೆಚ್ಚು ತೋರಿಸುತ್ತದೆ, ಏರಿಕೆಯಲ್ಲಿ ಕಡಿಮೆ ತೋರಿಸುತ್ತದೆ. ಎರಡರಲ್ಲಿ ಮೊದಲನೆಯದು ತಕ್ಷಣದ ಅಪಾಯ. ಅದೂ ಇನ್ಸುಲಿನ್‌ನವರಿಗೆ ಮಾತ್ರ ಎಂದು ಭಾವಿಸಬಾರದು. ಗ್ಲಿಮೆಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್ ಇರುವ ಮಾತ್ರೆಗಳೂ ಸಕ್ಕರೆಯನ್ನು ಲೋ ಮಾಡಬಲ್ಲವು. ಮೆಟ್‌ಫಾರ್ಮಿನ್ ಒಂದೇ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ.

ಏರಿಕೆಯ ತಪ್ಪು ನಿಧಾನವಾಗಿ ಹಾನಿ ಮಾಡುತ್ತದೆ. ನಮ್ಮಲ್ಲಿ ಎಲ್ಲರೂ ನೋಡಿಕೊಳ್ಳುವುದು ಎರಡು ಸಂಖ್ಯೆ: ಖಾಲಿ ಹೊಟ್ಟೆಯದು, ತಿಂಡಿ ಅಥವಾ ಊಟದ ನಂತರದ್ದು. ಬನ್ಸ್ ಮತ್ತು ಸಿಹಿ ಚಹಾ ಆದ ಒಂದು ಗಂಟೆಗೆ ಬೆರಳಲ್ಲಿ 212 ಇರುವಾಗ, ನಿಮಿಷಕ್ಕೆ 2ರ ಏರಿಕೆ ನಡೆಯುತ್ತಿದ್ದರೆ, ಅದೇ 20 ನಿಮಿಷದ ತಡದಲ್ಲಿ ಮುಂಗೈ 172 ತೋರಿಸುತ್ತದೆ. 180ರ ಗುರಿ ಇಟ್ಟುಕೊಂಡವರಿಗೆ ಇದು ಪಾಸಾದ ಹಾಗೆ. ತಿಂಗಳುಗಟ್ಟಲೆ ಹೀಗೆ ಪಾಸಾಗುತ್ತಾ ಬಂದು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಎಚ್‌ಬಿಎ1ಸಿ ಮಾತ್ರ ಏರಿದ್ದರೆ, ಮಾತ್ರೆ ಬದಲಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಒಂದು: ಊಟದ ನಂತರದ್ದನ್ನು ಎಲ್ಲಿ ಚುಚ್ಚಿ ನೋಡಿದ್ದು?

ಹಾಗಾದರೆ ಮುಂಗೈ ಯಾವಾಗ

ಮುಂಗೈಯನ್ನು ನಂಬಬಹುದಾದ ಹೊತ್ತು ಸಕ್ಕರೆ ಸ್ಥಿರವಾಗಿರುವ ಹೊತ್ತು. ಬೆಳಿಗ್ಗೆ ಎದ್ದ ಕೂಡಲೇ, ಚಹಾ ಕುಡಿಯುವ ಮುಂಚೆ. ಮಧ್ಯಾಹ್ನ ಅಥವಾ ರಾತ್ರಿ ಊಟಕ್ಕೆ ಕೂರುವ ಮುಂಚೆ. ಕೊನೆಯ ಊಟ, ಕೊನೆಯ ಶೀಘ್ರ ಇನ್ಸುಲಿನ್, ಕೊನೆಯ ನಡಿಗೆ ಅಥವಾ ಮೈಮುರಿಯುವ ಕೆಲಸ, ಇವು ಮೂರರಿಂದಲೂ ಕನಿಷ್ಠ ಎರಡು ಗಂಟೆ ಆಗಿರಬೇಕು. ಮೀಟರ್‌ಗಳ ಕೈಪಿಡಿಗಳೂ ಸಾಮಾನ್ಯವಾಗಿ ಈ ಎರಡು ಗಂಟೆಯನ್ನೇ ಹೇಳುತ್ತವೆ. ನಾಲ್ಕು ಗಂಟೆಯ ಗೋಳಿಬಜೆಯನ್ನು ಯಾರೂ ಊಟ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಸಕ್ಕರೆ ಲೆಕ್ಕ ಇಟ್ಟುಕೊಳ್ಳುತ್ತದೆ.

ಇದರ ಹೊರತು ಉಳಿದ ಎಲ್ಲ ಹೊತ್ತಿಗೂ ಬೆರಳೇ. ಲೋ ಆಗಿದೆ ಎಂಬ ಅನುಮಾನ ಬಂದರೆ ಬೆರಳು. ಸಿಹಿ ತಿಂದು 15 ನಿಮಿಷದ ಮರುಪರೀಕ್ಷೆಗೆ ಬೆರಳು. ಸ್ಕೂಟರ್ ಅಥವಾ ಕಾರು ತೆಗೆಯುವ ಮುಂಚೆ ಬೆರಳು. ಜ್ವರ, ವಾಂತಿ ಇದ್ದಾಗ ಬೆರಳು. ಇನ್ಸುಲಿನ್ ಎಷ್ಟು ಯೂನಿಟ್ ತೆಗೆದುಕೊಳ್ಳುವುದು ಎಂದು ಆ ಸಂಖ್ಯೆಯನ್ನು ನೋಡಿಯೇ ತೀರ್ಮಾನಿಸುವುದಾದರೆ ಬೆರಳು, ಏಕೆಂದರೆ ಇಳಿಯುತ್ತಿರುವಾಗ ಮುಂಗೈ ಹೆಚ್ಚು ತೋರಿಸಿದರೆ ಆ ಹೆಚ್ಚಿಗೆ ಇನ್ನಷ್ಟು ಇನ್ಸುಲಿನ್ ಸೇರುತ್ತದೆ. ಗರ್ಭಿಣಿಯರಿಗೆ ಊಟವಾದ ಒಂದು ಗಂಟೆ, ಎರಡು ಗಂಟೆಯ ಸಂಖ್ಯೆಗಳೇ ಮುಖ್ಯ, ಅವರಿಗೂ ಬೆರಳು.

ಕೆಲವರು ಮುಂಗೈಯನ್ನು ಪೂರ್ತಿ ಬಿಡುವುದೇ ಮೇಲು. ಬಹಳ ವರ್ಷ ಇನ್ಸುಲಿನ್ ತೆಗೆದುಕೊಂಡವರಲ್ಲಿ ಲೋ ಆದಾಗ ಬೆವರು, ನಡುಕ ಯಾವುದೂ ಬಾರದೆ ನೇರ ಮಂಕು ಕವಿಯುವುದುಂಟು. ಬಿಪಿಗೆ, ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳೂ ನಡುಕ ಮತ್ತು ಎದೆಬಡಿತವನ್ನು ಮುಚ್ಚಿಡಬಹುದು. ಮೈ ಎಚ್ಚರಿಸದೇ ಇರುವಾಗ ಎಚ್ಚರಿಸುವುದು ಮೀಟರ್ ಒಂದೇ, ಅದಕ್ಕೂ ಹಳೆಯ ಹನಿ ಕೊಟ್ಟರೆ ಬೇರೆ ದಾರಿಯಿಲ್ಲ.

ಅಂಗೈ: ಯಾರೂ ಕೇಳದ ಜಾಗ

ಬೆರಳಿಗೆ ಬದಲಿ ಎಂದರೆ ಎಲ್ಲರೂ ಮುಂಗೈಯನ್ನೇ ಯೋಚಿಸುತ್ತಾರೆ, ಅಂಗೈ ನೆನಪಾಗುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಬೆರಳು ಉಳಿಸಿಕೊಳ್ಳಬೇಕಾದವರು ಮೊದಲು ನೋಡಬೇಕಾದದ್ದು ಅಂಗೈಯನ್ನೇ. ಹೆಬ್ಬೆರಳ ಬುಡದ ಉಬ್ಬಿದ ಭಾಗ ಮತ್ತು ಕಿರುಬೆರಳ ಕೆಳಗಿನ ಅಂಚಿನ ಉಬ್ಬು, ಇವೆರಡೂ ಬೆರಳಿನ ಹಾಗೆಯೇ ಆ ಅಡ್ಡದಾರಿಗಳಿರುವ ಚರ್ಮ. ರಕ್ತದ ಹರಿವು ಜೋರು. ಅಂಗೈ ಮತ್ತು ಬೆರಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಊಟದ ನಂತರದ ಏರಿಕೆಯಲ್ಲೂ ಎರಡೂ ಹತ್ತಿರ ಹತ್ತಿರವೇ ಬಂದಿವೆ. ಮೇಲಿನ ಲೆಕ್ಕದ 9:05ಕ್ಕೆ ಬೆರಳು 62 ಅಂದರೆ ಅಂಗೈಯೂ 62ರ ಸುತ್ತಲೇ ಹೇಳುತ್ತಿತ್ತು.

ಆದರೂ ಒಂದು ಷರತ್ತು. ನಿಮ್ಮ ಮೀಟರ್‌ನ ಕೈಪಿಡಿಯಲ್ಲಿ ಅಂಗೈಗೆ ಒಪ್ಪಿಗೆ ಇದೆಯೇ, ಇದ್ದರೆ ಯಾವ ಹೊತ್ತಿಗೆ ಎಂದು ನೋಡಬೇಕು. "ಆಲ್ಟರ್ನೇಟ್ ಸೈಟ್ ಟೆಸ್ಟಿಂಗ್" ಎಂಬ ಭಾಗದಲ್ಲಿ ಅದು ಇರುತ್ತದೆ. ಕೆಲವು ಕಂಪನಿಗಳು ಅಂಗೈಯನ್ನೂ ಮುಂಗೈಯ ಜೊತೆಗೇ ಸೇರಿಸಿ ಅದೇ ಎರಡು ಗಂಟೆಯ ನಿರ್ಬಂಧ ಹಾಕಿವೆ. ಹಾಗೆ ಬರೆದಿದ್ದರೆ ಅದನ್ನೇ ಪಾಲಿಸಿ. ಬದಲಿ ಜಾಗದ ಹೆಸರೇ ಕೈಪಿಡಿಯಲ್ಲಿ ಇಲ್ಲದಿದ್ದರೆ ಆ ಮೀಟರ್ ಬೆರಳಿಗೆ ಮಾತ್ರ. ಇನ್ನು ಲೋ ಆದ ಅನುಮಾನಕ್ಕೆ ಕೈಪಿಡಿ ಏನೇ ಹೇಳಲಿ, ನಾನಂತೂ ಬೆರಳನ್ನೇ ಹೇಳುತ್ತೇನೆ.

ಅಂಗೈಯ ಚರ್ಮ ದಪ್ಪ. ಗದ್ದೆ ಕೆಲಸ, ಕತ್ತಿ ಹಿಡಿದು ಸೌದೆ ಒಡೆಯುವ ಕೆಲಸ ಮಾಡುವವರಿಗೆ ಅಲ್ಲಿ ಜಡ್ಡುಗಟ್ಟಿರುತ್ತದೆ, ಸೂಜಿ ಇಳಿಯುವುದಿಲ್ಲ. ಜಡ್ಡು ಇಲ್ಲದ, ಗೆರೆ ಇಲ್ಲದ, ನೀಲಿ ನರ ಕಾಣದ ಮೆತ್ತಗಿನ ಜಾಗ ನೋಡಿ, ಸೂಜಿ ಹಾಕಿ ಚುಚ್ಚುವ ಪೆನ್ನನ್ನು ಬೆರಳಿಗಿಂತ ಸ್ವಲ್ಪ ಹೆಚ್ಚು ಒತ್ತಿ ಚುಚ್ಚಬೇಕು. ಹೂ ಕಟ್ಟುವವರು ನಾರು ಎಳೆಯುವ ಕೈಯನ್ನು ಬಿಟ್ಟು ಇನ್ನೊಂದು ಕೈಯ ಕಿರುಬೆರಳ ಬದಿ ಹಿಡಿದರೆ ಕೆಲಸಕ್ಕೆ ತೊಂದರೆ ಇಲ್ಲ.

ಮುಂಗೈಯಲ್ಲಿ ಹನಿ ತೆಗೆಯುವ ಬಗೆ

ಬೆರಳಿಗೆ ಬಳಸುವ ಮುಚ್ಚಳದಲ್ಲೇ ಮುಂಗೈಗೆ ಚುಚ್ಚಿದವರಿಗೆ ಸಾಮಾನ್ಯವಾಗಿ ರಕ್ತವೇ ಬರುವುದಿಲ್ಲ. ಚುಚ್ಚುವ ಪೆನ್ನಿನ ಜೊತೆ ಕೆಲವು ಕಂಪನಿಗಳು ಪಾರದರ್ಶಕವಾದ ಇನ್ನೊಂದು ಮುಚ್ಚಳ ಕೊಡುತ್ತವೆ, ಅದು ಇದಕ್ಕಾಗಿಯೇ ಇರುವುದು. ಒಳಗೆ ಹನಿ ಕಟ್ಟುವುದು ಹೊರಗಿಂದಲೇ ಕಾಣುತ್ತದೆ.

ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ನಮ್ಮ ಸೆಕೆಯಲ್ಲಿ ಬೆವರಿನ ಪದರ, ಸ್ನಾನಕ್ಕೆ ಮುಂಚೆ ಹಚ್ಚಿದ ತೆಂಗಿನೆಣ್ಣೆ, ಕೂದಲು, ಇವು ಮೂರೂ ಹನಿಯನ್ನು ದುಂಡಗೆ ನಿಲ್ಲಲು ಬಿಡದೆ ಹರಡಿಸುತ್ತವೆ. ಬೆವರು ಸೇರಿದ ರಕ್ತ ತೆಳ್ಳಗಾಗಿ ತಪ್ಪು ಸಂಖ್ಯೆಯನ್ನೂ ಕೊಡಬಹುದು. ಕೂದಲು ಕಡಿಮೆ ಇರುವ, ಮಾಂಸವಿರುವ ಭಾಗವನ್ನು ಬಿಸಿಯಾಗುವವರೆಗೆ ಜೋರಾಗಿ ಉಜ್ಜಿ. ಆಮೇಲೆ ಪೆನ್ನನ್ನು ಗಟ್ಟಿಯಾಗಿ ಒತ್ತಿಹಿಡಿದು ಚುಚ್ಚಿ, ತೆಗೆಯದೆ, ಸಾಕಷ್ಟು ದೊಡ್ಡ ಹನಿ ಮೂಡುವವರೆಗೆ ಮೆಲ್ಲಗೆ ಒತ್ತಿ ಸಡಿಲಿಸುತ್ತಿರಿ. ಆಮೇಲೆ ಪೆನ್ನನ್ನು ನೇರ ಮೇಲಕ್ಕೆ ಎತ್ತಿ ಸ್ಟ್ರಿಪ್‌ನ ತುದಿ ತಾಗಿಸಿ. ಸಣ್ಣ ಹನಿ ಎಳೆದುಕೊಳ್ಳುವ ಸ್ಟ್ರಿಪ್ ಇದ್ದರೆ ಇದು ಸುಲಭ. ಮೇಲಿನಿಂದ ಹನಿ ಬೀಳಿಸಬೇಕಾದ ಸ್ಟ್ರಿಪ್‌ಗೆ ಮುಂಗೈಯಿಂದ ಅಷ್ಟು ರಕ್ತ ಸಿಗುವುದು ಕಷ್ಟ, ಸ್ಟ್ರಿಪ್ ದಂಡವಾಗುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಮುಂಗೈಯಲ್ಲಿ ನೀಲಿ ಕಲೆ ಉಳಿಯುವುದು ಸಾಮಾನ್ಯ.

ಉಜ್ಜುವುದರ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಉಜ್ಜಿದರೆ ಹರಿವು ಹೆಚ್ಚಿ ತಡ ಕಡಿಮೆಯಾಗುತ್ತದೆ, ಹೌದು. ಆದರೆ ಕಡಿಮೆಯಾಗುವುದು ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು ರೀತಿ, ಪೂರ್ತಿ ಹೋಗುತ್ತದೆ ಎಂಬ ಖಾತ್ರಿ ಇಲ್ಲ. ಚೆನ್ನಾಗಿ ಉಜ್ಜಿದ್ದೇನೆ ಎಂದು ಲೋ ಆದಾಗ ಮುಂಗೈಗೆ ಹೋಗುವಂತಿಲ್ಲ.

ನಿಮ್ಮ ಕೈ ಎಷ್ಟು ಹಿಂದಿದೆ ಎಂದು ನೋಡುವುದು

ಇದಕ್ಕೆ ಖರ್ಚು ನಾಲ್ಕು ಸ್ಟ್ರಿಪ್. ಒಂದು ದಿನ ಖಾಲಿ ಹೊಟ್ಟೆಯಲ್ಲಿ ಬೆರಳು ಮತ್ತು ಮುಂಗೈ ಎರಡನ್ನೂ ಬೆನ್ನುಬೆನ್ನಿಗೆ ನೋಡಿ. ಅದೇ ದಿನ ಎಂದಿನ ತಿಂಡಿ ತಿಂದು ಒಂದು ಗಂಟೆಗೆ ಮತ್ತೆ ಎರಡನ್ನೂ ನೋಡಿ. ಇನ್ನೊಂದು ದಿನ ಹೀಗೇ ಮಾಡಿದರೆ ಇನ್ನೂ ಒಳ್ಳೆಯದು.

ಖಾಲಿ ಹೊಟ್ಟೆಯ ಜೋಡಿಯಲ್ಲಿ ಎರಡೂ ಹತ್ತಿರ ಬಂದು, ಊಟದ ನಂತರದ ಜೋಡಿಯಲ್ಲಿ ಮುಂಗೈ ಎದ್ದು ಕಾಣುವಷ್ಟು ಕಡಿಮೆ ಬಂದರೆ ಅದು ತಡದ ಲಕ್ಷಣ. ಖಾಲಿ ಹೊಟ್ಟೆಯಲ್ಲೇ ದೊಡ್ಡ ವ್ಯತ್ಯಾಸ ಬಂದರೆ ಅದಕ್ಕೆ ತಡ ಕಾರಣವಲ್ಲ. ಸ್ಟ್ರಿಪ್‌ನ ಡಬ್ಬಿ ತೆರೆದಿಟ್ಟು ಮಳೆಗಾಲದ ತೇವ ಹೊಡೆದಿದೆಯೇ, ಹನಿ ಸಾಲದಾಯಿತೇ, ಬೆರಳಲ್ಲಿ ಹಣ್ಣಿನ ರಸ ಇತ್ತೇ ಎಂದು ನೋಡಬೇಕು. ಮಾವಿನಹಣ್ಣು ಸುಲಿದ ಕೈಯನ್ನು ತೊಳೆಯದೆ ಚುಚ್ಚಿದರೆ ಬೆರಳು ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ಸ್ಪಿರಿಟ್‌ನಲ್ಲಿ ಒಮ್ಮೆ ಒರೆಸಿದರೆ ಆ ಅಂಟು ಪೂರ್ತಿ ಹೋಗದು, ನೀರೇ ಬೇಕು. ಬೆರಳಿಗಿಂತ ಮುಂಗೈ ಸರಿ ಇರುವ ಸಂದರ್ಭ ಎಂದರೆ ಇದೊಂದೇ ಇರಬೇಕು!

ಎರಡೂ ಜೋಡಿ ಹತ್ತಿರ ಬಂದರೆ ನನ್ನ ಮುಂಗೈಗೆ ತಡವೇ ಇಲ್ಲ ಎಂದು ತೀರ್ಮಾನಿಸಬೇಡಿ. ಆ ದಿನ ಸಕ್ಕರೆ ನಿಧಾನವಾಗಿ ಏರಿತ್ತು ಎಂದಷ್ಟೇ ಅದರ ಅರ್ಥ. ವೇಗದ ಇಳಿಕೆಯನ್ನು ಮನೆಯಲ್ಲಿ ಬೇಕೆಂದು ತರಿಸಿ ಪರೀಕ್ಷಿಸುವಂತಿಲ್ಲ.

ಬೆರಳಿನ ನೋವೇ ಕಾರಣವಾದರೆ

ಜಾಗ ಬದಲಿಸಲು ಬರುವವರ ಪೆನ್ನು ತೆರೆಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ತಿಂಗಳಿಂದ ಅದೇ ಸೂಜಿ. ಒಂದು ಸಲ ಬಳಸಿದ ಸೂಜಿಯ ತುದಿ ಮೊಂಡಾಗುತ್ತದೆ, ಆಮೇಲೆ ಅದು ಚುಚ್ಚುವುದಿಲ್ಲ, ಹರಿಯುತ್ತದೆ. ಸೂಜಿಯ ಮೇಲಿನ ಸಂಖ್ಯೆ ಹೆಚ್ಚಿದಷ್ಟೂ ಅದು ಸಪೂರ: 28ಕ್ಕಿಂತ 30, 30ಕ್ಕಿಂತ 33 ತೆಳು. ಪೆನ್ನಿನಲ್ಲಿರುವ ಆಳದ ಸಂಖ್ಯೆಯನ್ನು ಒಂದೊಂದೇ ಇಳಿಸಿ, ಹನಿ ಬರುವ ಅತಿ ಕಡಿಮೆ ಸಂಖ್ಯೆಯಲ್ಲಿ ನಿಲ್ಲಿಸಿ.

ಬೆರಳ ತುದಿಯ ನಡುವಿನ ಮೆತ್ತೆಗೆ ಚುಚ್ಚಬೇಡಿ, ಅದರ ಪಕ್ಕಕ್ಕೆ ಚುಚ್ಚಿ. ಹೂ ಹಿಡಿಯುವುದು, ಬೀಡಿ ಸುತ್ತುವುದು ಎಲ್ಲ ನಡುವಿನ ಮೆತ್ತೆಯಲ್ಲಿ, ಪಕ್ಕದಲ್ಲಲ್ಲ. ಹೆಬ್ಬೆರಳು, ತೋರುಬೆರಳನ್ನು ಕೆಲಸಕ್ಕೆ ಬಿಟ್ಟು ಉಳಿದ ಮೂರು ಬೆರಳುಗಳ ಎರಡೂ ಪಕ್ಕ ಲೆಕ್ಕ ಹಾಕಿದರೆ ಎರಡು ಕೈಯಲ್ಲಿ ಹನ್ನೆರಡು ಜಾಗ ಸಿಗುತ್ತವೆ. ದಿನಕ್ಕೆ ಎರಡು ಸಲ ನೋಡುವವರಿಗೆ ಒಂದೇ ಜಾಗಕ್ಕೆ ಮತ್ತೆ ಬರುವುದು ಆರು ದಿನ ಕಳೆದು. ಇಷ್ಟು ಸರಿಮಾಡಿಕೊಂಡ ಮೇಲೆ ಮುಂಗೈಯ ವಿಷಯವನ್ನೇ ಬಿಟ್ಟವರು ಹಲವರು.

ಬಿಡದವರಿಗೆ ನಾನು ಹೇಳುವ ಹಂಚಿಕೆ ಹೀಗೆ. ಮೆಟ್‌ಫಾರ್ಮಿನ್ ಮಾತ್ರ ಇದ್ದು ವಾರಕ್ಕೆ ಕೆಲವು ಸಲ ಖಾಲಿ ಹೊಟ್ಟೆಯದನ್ನು ನೋಡುವವರು ಧಾರಾಳವಾಗಿ ಮುಂಗೈ ಬಳಸಲಿ, ಊಟದ ನಂತರದ್ದು ಮಾತ್ರ ಬೆರಳಲ್ಲಿ ಅಥವಾ ಕೈಪಿಡಿ ಒಪ್ಪಿದರೆ ಅಂಗೈಯಲ್ಲಿ. ಲೋ ಮಾಡಬಲ್ಲ ಮಾತ್ರೆ ಅಥವಾ ರಾತ್ರಿಯ ದೀರ್ಘಕಾಲದ ಇನ್ಸುಲಿನ್ ಇರುವವರು ಬೆಳಗಿನದ್ದಕ್ಕೆ ಮುಂಗೈ ಬಳಸಬಹುದು, ಆದರೆ ಸಂಖ್ಯೆ ಮೈಗೆ ಅನ್ನಿಸುವುದಕ್ಕೆ ಹೊಂದದಿದ್ದರೆ ಆ ಕ್ಷಣವೇ ಬೆರಳಿಗೆ ಚುಚ್ಚಿ ನೋಡಬೇಕು. ಊಟಕ್ಕೆ ಮುಂಚೆ ಶೀಘ್ರ ಇನ್ಸುಲಿನ್ ಅಥವಾ ಮಿಶ್ರ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಬೆರಳು, ಜೊತೆಗೆ ಅಂಗೈ. ಮುಂಗೈ ಅವರಿಗೆ ಬೇಡವೆಂದೇ ನನ್ನ ಮಾತು.

ತೋಳಿಗೆ ಅಂಟಿಸುವ ಸೆನ್ಸರ್ ಇರುವವರು ಕೇಳುತ್ತಾರೆ, ಅದೂ ಕೈಯಲ್ಲೇ ಅಲ್ವಾ ಎಂದು. ಅದು ಅಳೆಯುವುದು ಚರ್ಮದಡಿಯ ದ್ರವವನ್ನು, ಅದಕ್ಕೂ ಕೆಲವು ನಿಮಿಷಗಳ ತಡ ಇದೆ. ಆದರೆ ಅದು ಬಿಡದೆ ಅಳೆಯುತ್ತಿರುವುದರಿಂದ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಬಾಣದ ಗುರುತಿನಲ್ಲಿ ತೋರಿಸುತ್ತದೆ. ಮುಂಗೈಯ ಒಂದು ಹನಿಗೆ ಬಾಣ ಇಲ್ಲ. ಸೆನ್ಸರ್ ಹೇಳುವುದು ಸರಿಯೇ ಎಂದು ತಾಳೆ ನೋಡುವಾಗಲೂ ಬೆರಳಿನ ರಕ್ತವೇ ಬೇಕು, ಮುಂಗೈಯದಲ್ಲ.

ಜಾಗ ಬದಲಿಸಿ ನೋಡುವವರು ಡೈರಿಯಲ್ಲಿ ಪ್ರತಿ ಸಂಖ್ಯೆಯ ಪಕ್ಕ ಬೆ, ಅಂ, ಮುಂ ಎಂದು ಒಂದಕ್ಷರ ಬರೆದು, ಕೊನೆಯ ಊಟದ ಗಂಟೆಯನ್ನೂ ಹಾಕಬೇಕು. "ಮುಂ 172, ತಿಂಡಿ 8:00, ನೋಡಿದ್ದು 9:00" ಎಂದು ಕಂಡರೆ ಡಾಕ್ಟರು ಅದನ್ನು 172 ಎಂದು ಓದುವುದಿಲ್ಲ, ಬೆರಳಲ್ಲಿ ಇನ್ನೊಮ್ಮೆ ನೋಡಿ ಬನ್ನಿ ಎನ್ನುತ್ತಾರೆ.